ಉಪಗ್ರಹವನ್ನು ಎತ್ತುವ ಕೆಲಸ: ವಿಲೋಮ ವರ್ಗ ಬಲದ ಅನುಕಲನ

ಭೂಮಿಯ ಸೆಳೆತಕ್ಕೆ ಎದುರಾಗಿ ಒಂದು ಉಪಗ್ರಹವನ್ನು ನೆಲದಿಂದ ಗೊತ್ತಾದ ದೂರಕ್ಕೆ ಒಯ್ಯಲು ಮಾಡಬೇಕಾದ ಕೆಲಸವನ್ನು ಲೆಕ್ಕಹಾಕುವ ವಿಧಾನ ಇಲ್ಲಿನ ವಿಷಯ. ಬಲವನ್ನು ದೂರದಿಂದ ಗುಣಿಸಿದರೆ ಕೆಲಸ ಸಿಗುತ್ತದೆ ಎಂಬುದು ಶಾಲೆಯಲ್ಲಿ ಕಲಿತ ಸೂತ್ರ. ಆದರೆ ಉಪಗ್ರಹ ಮೇಲೇರಿದಂತೆ ಅದರ ಮೇಲಿನ ಸೆಳೆತ ಕಡಿಮೆಯಾಗುತ್ತ ಹೋಗುವುದರಿಂದ ಗುಣಿಸಲು ಒಂದೇ ಬಲ ಇರುವುದಿಲ್ಲ. ದಾರಿಯನ್ನು ಚಿಕ್ಕ ಚಿಕ್ಕ ತುಂಡುಗಳಾಗಿ ಒಡೆದು, ಪ್ರತಿ ತುಂಡಿನ ಕೆಲಸವನ್ನೂ ಪ್ರತ್ಯೇಕವಾಗಿ ಕಂಡುಹಿಡಿದು, ಎಲ್ಲವನ್ನೂ ಕೂಡಬೇಕಾಗುತ್ತದೆ. ಈ ಕೂಡಿಕೆಗೆ ಅನುಕಲನ ಎಂದು ಹೆಸರು. ಹಾಗೆ ಕೂಡಿದಾಗ ದೊರೆಯುವ ಉತ್ತರ ಚಿಕ್ಕದು, ಅದು ಹೇಳುವ ಸಂಗತಿ ಮಾತ್ರ ದೊಡ್ಡದು: ಉಪಗ್ರಹವನ್ನು ಎಷ್ಟೇ ದೂರ ಒಯ್ದರೂ ಕೆಲಸ ಒಂದು ಮಿತಿಯನ್ನು ದಾಟುವುದಿಲ್ಲ, ಮತ್ತು ಆ ಮಿತಿಯ ಬಹುಪಾಲು ಭೂಮಿಯ ಹತ್ತಿರದಲ್ಲೇ ಸಂದು ಹೋಗಿರುತ್ತದೆ.

ಬಲ ಮತ್ತು ಅದರ ಇಳಿಕೆ

ಐಸಾಕ್ ನ್ಯೂಟನ್ 1687ರಲ್ಲಿ ಪ್ರಕಟಿಸಿದ 'ಪ್ರಿನ್ಸಿಪಿಯಾ' ಗ್ರಂಥದ ನಿಯಮದಂತೆ, ಎರಡು ವಸ್ತುಗಳ ನಡುವಿನ ಸೆಳೆತ ಅವುಗಳ ನಡುವಿನ ದೂರದ ವರ್ಗಕ್ಕೆ ವಿಲೋಮವಾಗಿರುತ್ತದೆ. ದೂರ ಇಮ್ಮಡಿಯಾದರೆ ಸೆಳೆತ ಕಾಲು ಭಾಗಕ್ಕೆ ಇಳಿಯುತ್ತದೆ, ಮುಮ್ಮಡಿಯಾದರೆ ಒಂಬತ್ತನೆಯ ಒಂದು ಭಾಗಕ್ಕೆ. ಇಲ್ಲಿ ದೂರವೆಂದರೆ ನೆಲದಿಂದ ಅಳೆದ ಎತ್ತರವಲ್ಲ, ಭೂಮಿಯ ಕೇಂದ್ರದಿಂದ ಅಳೆದದ್ದು. ಗೋಳಾಕಾರದ ವಸ್ತುವೊಂದು ತನ್ನ ಹೊರಗಿರುವ ಯಾವುದೇ ವಸ್ತುವನ್ನು, ತನ್ನ ದ್ರವ್ಯವೆಲ್ಲ ಕೇಂದ್ರದಲ್ಲೇ ಸೇರಿಕೊಂಡಿದೆಯೋ ಎಂಬಂತೆ ಸೆಳೆಯುತ್ತದೆ ಎಂದು ಸಾಧಿಸಿದವನೂ ನ್ಯೂಟನ್ನನೇ. ಈ ಪ್ರಮೇಯ ಇಲ್ಲದಿದ್ದರೆ ಬೆಟ್ಟ, ಕಡಲು, ಒಳಗಿನ ಕಬ್ಬಿಣದ ತಿರುಳು ಎಲ್ಲದರ ಸೆಳೆತವನ್ನೂ ಬೇರೆ ಬೇರೆಯಾಗಿ ಕೂಡಬೇಕಾಗುತ್ತಿತ್ತು.

ಭೂಮಿಯ ದ್ರವ್ಯರಾಶಿಯನ್ನು M, ಉಪಗ್ರಹದ್ದನ್ನು m, ಕೇಂದ್ರದಿಂದ ದೂರವನ್ನು r, ಗುರುತ್ವ ಸ್ಥಿರಾಂಕವನ್ನು G ಎಂದು ಬರೆದರೆ ಬಲ ಹೀಗಿರುತ್ತದೆ:

F = GMm / r²

G ಮತ್ತು M ಲೆಕ್ಕದಲ್ಲಿ ಯಾವಾಗಲೂ ಜೋಡಿಯಾಗಿಯೇ ಬರುತ್ತವೆ. ಈ ಜೋಡಿಯ ಬೆಲೆ ಸೆಕೆಂಡ್ ವರ್ಗಕ್ಕೆ 3,98,600 ಘನ ಕಿಲೋಮೀಟರ್. ಭೂಮಿಯ ತ್ರಿಜ್ಯ R ಸಮಭಾಜಕದ ಬಳಿ 6,378 ಕಿಲೋಮೀಟರ್. ನೆಲದ ಮೇಲೆ r ಮತ್ತು R ಒಂದೇ ಆದುದರಿಂದ GM / R² ಎಂಬುದು ನಮಗೆಲ್ಲ ಪರಿಚಿತವಾದ ಗುರುತ್ವ ವೇಗೋತ್ಕರ್ಷ g, ಅಂದರೆ ಸೆಕೆಂಡ್ ವರ್ಗಕ್ಕೆ ಸುಮಾರು 9.8 ಮೀಟರ್.

ಬಲ ಎಷ್ಟು ನಿಧಾನವಾಗಿ ಇಳಿಯುತ್ತದೆ ಎಂಬುದರ ಅಂದಾಜು ಅನೇಕರಿಗೆ ತಪ್ಪುತ್ತದೆ. 400 ಕಿಲೋಮೀಟರ್ ಎತ್ತರದಲ್ಲಿ, ಅಂದರೆ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ಸುತ್ತುವ ಆಸುಪಾಸಿನಲ್ಲಿ, ಸೆಳೆತ ನೆಲದ ಮೇಲಿನದರ ಶೇಕಡ 89ರಷ್ಟು ಉಳಿದಿರುತ್ತದೆ. ಅಲ್ಲಿನ ಗಗನಯಾತ್ರಿಗಳು ತೇಲುವುದು ಗುರುತ್ವ ಇಲ್ಲವೆಂದಲ್ಲ. ಅವರೂ ಅವರ ನೌಕೆಯೂ ಒಟ್ಟಿಗೆ ಬೀಳುತ್ತ ಭೂಮಿಯನ್ನು ಸುತ್ತುತ್ತಿವೆ ಎಂಬುದು ಅದಕ್ಕೆ ಕಾರಣ. ಭೂಸ್ಥಿರ ಉಪಗ್ರಹಗಳ 35,786 ಕಿಲೋಮೀಟರ್ ಎತ್ತರಕ್ಕೆ ಹೋದಾಗ ಮಾತ್ರ ಸೆಳೆತ ನೆಲದ ಮೇಲಿನದರ ಸುಮಾರು ನಲವತ್ತನಾಲ್ಕನೆಯ ಒಂದು ಭಾಗಕ್ಕೆ ಇಳಿದಿರುತ್ತದೆ.

ತುಂಡು ತುಂಡಾಗಿ ಕೂಡುವ ಬಗೆ

ಒಂದು ಕಿಲೋಗ್ರಾಂ ದ್ರವ್ಯವನ್ನು ನೆಲದಿಂದ ಇನ್ನೊಂದು ಭೂತ್ರಿಜ್ಯದಷ್ಟು ಮೇಲಕ್ಕೆ, ಅಂದರೆ R ನಿಂದ 2R ಗೆ ಒಯ್ಯುವುದನ್ನು ನೋಡೋಣ. ಹೊರಡುವಾಗ ಬಲ 9.8 ನ್ಯೂಟನ್, ತಲಪುವಾಗ ಅದರ ಕಾಲು ಭಾಗ. ದಾರಿಯುದ್ದಕ್ಕೂ ಮೊದಲಿನ ಬಲವೇ ಇತ್ತೆಂದು ಗುಣಿಸಿದರೆ 62.5 ಮೆಗಾಜೂಲ್ ಬರುತ್ತದೆ, ಇದು ನಿಜಕ್ಕಿಂತ ಹೆಚ್ಚು. ಕೊನೆಯ ಬಲವೇ ಇತ್ತೆಂದು ಗುಣಿಸಿದರೆ 15.6 ಮೆಗಾಜೂಲ್, ಇದು ನಿಜಕ್ಕಿಂತ ಕಡಿಮೆ. ನಿಜವಾದ ಉತ್ತರ ಇವೆರಡರ ನಡುವೆ ಎಲ್ಲೋ ಇದೆ. ಎರಡನ್ನೂ ಕೂಡಿ ಅರ್ಧ ಮಾಡಿದರೆ 39 ಬರುತ್ತದೆ. ಅದೂ ಸರಿಯಲ್ಲ, ಏಕೆಂದರೆ ಬಲ ಆರಂಭದಲ್ಲಿ ಕಡಿದಾಗಿ ಇಳಿದು ಆಮೇಲೆ ನಿಧಾನವಾಗುತ್ತದೆ. ದಾರಿಯ ಹೆಚ್ಚಿನ ಭಾಗವನ್ನು ಸರಾಸರಿಗಿಂತ ಕಡಿಮೆ ಬಲದಲ್ಲೇ ಸವೆಸಿರುತ್ತೇವೆ.

ಇಲ್ಲಿ ಒಂದು ಸೊಗಸಾದ ಉಪಾಯವಿದೆ. ಕಲನಶಾಸ್ತ್ರ ಗೊತ್ತಿಲ್ಲದವರಿಗೂ ಇದು ಪೂರ್ತಿ ಎಟುಕುವಂಥದ್ದು, ಆದ್ದರಿಂದ ಇದನ್ನು ವಿವರವಾಗಿಯೇ ಹೇಳಬೇಕು. r₁ ನಿಂದ r₂ ವರೆಗಿನ ಒಂದು ಚಿಕ್ಕ ತುಂಡನ್ನು ತೆಗೆದುಕೊಳ್ಳಿ. ಆರಂಭದ ಬಲದಲ್ಲಿ ಛೇದ r₁², ಕೊನೆಯ ಬಲದಲ್ಲಿ r₂². ಇವೆರಡಕ್ಕೂ ನಡುವೆ ಬೀಳುವ ಸಹಜವಾದ ಸಂಖ್ಯೆ r₁ × r₂. ತುಂಡಿನುದ್ದಕ್ಕೂ ಬಲ GMm / (r₁r₂) ಎಂದೇ ಇಟ್ಟುಕೊಂಡು ತುಂಡಿನ ಉದ್ದವಾದ (r₂ − r₁) ನಿಂದ ಗುಣಿಸಿದರೆ:

GMm (r₂ − r₁) / (r₁r₂) = GMm (1/r₁ − 1/r₂)

ಒಂದು ಭಿನ್ನರಾಶಿ ಎರಡಾಗಿ ಒಡೆದು ವ್ಯತ್ಯಾಸದ ರೂಪಕ್ಕೆ ಬಂತು. ಮುಂದಿನ ತುಂಡಿನ ಕೆಲಸ GMm (1/r₂ − 1/r₃), ಅದರ ಮುಂದಿನದು GMm (1/r₃ − 1/r₄). ಇವನ್ನೆಲ್ಲ ಕೂಡುತ್ತ ಹೋದರೆ ಒಂದು ತುಂಡಿನಲ್ಲಿ ಕಳೆದದ್ದು ಮುಂದಿನ ತುಂಡಿನಲ್ಲಿ ಕೂಡಿ ವಜಾ ಆಗುತ್ತದೆ. ನಡುವಿನ ಪದಗಳೆಲ್ಲ ಅಳಿದು, ಮೊಟ್ಟಮೊದಲನೆಯದೂ ಕಟ್ಟಕಡೆಯದೂ ಮಾತ್ರ ಉಳಿಯುತ್ತವೆ:

W = GMm (1/R − 1/r)

ತುಂಡುಗಳನ್ನು ಎಷ್ಟು ಸಣ್ಣದಾಗಿ ಮಾಡಿದರೂ, ಎಷ್ಟು ದೊಡ್ಡದಾಗಿ ಬಿಟ್ಟರೂ ಉತ್ತರ ಬದಲಾಗುವುದಿಲ್ಲ. ಇದರ ಅರ್ಥ, r₁r₂ ಎಂಬ ಆಯ್ಕೆ ಬರೀ ಅಂದಾಜಲ್ಲ, ಆ ತುಂಡಿನ ಮೇಲಿನ ನಿಖರವಾದ ಸರಾಸರಿ ಬಲವನ್ನೇ ಅದು ಕೊಡುತ್ತಿದೆ. ಬೇರೆ ಬಗೆಯ ಬಲಗಳಿಗೆ ಈ ಉಪಾಯ ಇಷ್ಟು ಅಚ್ಚುಕಟ್ಟಾಗಿ ಒದಗುವುದಿಲ್ಲ. ವಿಲೋಮ ವರ್ಗಕ್ಕೆ ಇದು ಹೇಳಿಮಾಡಿಸಿದ್ದು. ಕಲನಶಾಸ್ತ್ರದ ಬರವಣಿಗೆಯಲ್ಲಿ ಇದೇ ಮಾತು ಒಂದು ಸಾಲಿನಲ್ಲಿ ಮುಗಿಯುತ್ತದೆ. 1/r² ರ ಅನುಕಲ −1/r. ಅದಕ್ಕೆ ಮೇಲಿನ ಮಿತಿ r, ಕೆಳಗಿನ ಮಿತಿ R ಹಾಕಿದರೆ ಮೇಲಿನ ಸೂತ್ರವೇ ಬರುತ್ತದೆ.

ನ್ಯೂಟನ್ ಇದನ್ನು ಕ್ಷೇತ್ರಫಲದ ಭಾಷೆಯಲ್ಲಿ ಕಂಡಿದ್ದ. 'ಪ್ರಿನ್ಸಿಪಿಯಾ'ದ ಮೊದಲ ಭಾಗದ 39ನೆಯ ಪ್ರಮೇಯದಲ್ಲಿ, ಕೇಂದ್ರದ ಕಡೆಗೆ ಸೆಳೆಯುವ ಬಲ ಎಂಥದ್ದೇ ಇರಲಿ, ನೇರವಾಗಿ ಏರುವ ಅಥವಾ ಬೀಳುವ ವಸ್ತುವಿನ ವೇಗವನ್ನು ಬಲರೇಖೆಯ ಕೆಳಗಿನ ಕ್ಷೇತ್ರಫಲದಿಂದ ಪಡೆಯುವ ಕ್ರಮವನ್ನು ಅವನು ಕೊಟ್ಟಿದ್ದಾನೆ. ಆ ಕ್ಷೇತ್ರಫಲಕ್ಕೆ ಇಂದು ನಾವು ಕೆಲಸ ಎನ್ನುತ್ತೇವೆ. ಕೆಲಸ ಎಂಬ ಪರಿಕಲ್ಪನೆಗೆ ಭೌತಶಾಸ್ತ್ರದಲ್ಲಿ ಈಗಿನ ಖಚಿತ ಅರ್ಥ ಬಂದದ್ದು 1829ರಲ್ಲಿ, ಫ್ರಾನ್ಸಿನ ಗಾಸ್ಪಾರ್ ಕೊರಿಯೊಲಿಸ್ ಯಂತ್ರಗಳ ಬಗ್ಗೆ ಬರೆದ ಪುಸ್ತಕದಿಂದ.

ಸೂತ್ರವನ್ನು ಪರೀಕ್ಷಿಸುವುದು

GM ಬದಲು gR² ಎಂದು ಬರೆದು, r ಅನ್ನು R + h ಎಂದು ಬಿಡಿಸಿದರೆ ಸೂತ್ರ ಇನ್ನಷ್ಟು ಪರಿಚಿತ ರೂಪಕ್ಕೆ ಬರುತ್ತದೆ:

W = mgh × R / (R + h)

ಶಾಲೆಯ mgh ಇಲ್ಲಿ ಹಾಗೇ ಇದೆ, ಅದರ ಪಕ್ಕದಲ್ಲಿ ಒಂದು ತಿದ್ದುಪಡಿ ನಿಂತಿದೆ. ಎತ್ತರ h ಚಿಕ್ಕದಿದ್ದಾಗ ತಿದ್ದುಪಡಿ ಬಹುಮಟ್ಟಿಗೆ ಒಂದೇ ಆಗಿ ಕಣ್ಣಿಗೇ ಬೀಳುವುದಿಲ್ಲ. mgh ಎಷ್ಟು ಹೆಚ್ಚು ತೋರಿಸುತ್ತದೆ ಎಂಬುದನ್ನೂ ಇದರಿಂದ ಬಾಯಿಲೆಕ್ಕದಲ್ಲೇ ಹೇಳಬಹುದು: ಹೆಚ್ಚಳದ ಪ್ರಮಾಣ ನೇರವಾಗಿ h/R. 64 ಕಿಲೋಮೀಟರ್ ಎತ್ತರದಲ್ಲಿ h ಎಂಬುದು R ನ ನೂರನೆಯ ಒಂದು ಭಾಗ, ಹಾಗಾಗಿ ತಪ್ಪು ಶೇಕಡ 1. 400 ಕಿಲೋಮೀಟರ್‌ನಲ್ಲಿ ಶೇಕಡ 6ಕ್ಕಿಂತ ತುಸು ಜಾಸ್ತಿ. ಭೂಸ್ಥಿರ ಎತ್ತರದಲ್ಲಿ mgh ನಿಜವಾದ ಕೆಲಸದ ಆರೂವರೆ ಪಟ್ಟಿಗಿಂತಲೂ ಹೆಚ್ಚು ತೋರಿಸುತ್ತದೆ, ಅಂದರೆ ಅಲ್ಲಿ ಅದು ಯಾವ ಉಪಯೋಗಕ್ಕೂ ಬಾರದು.

ಲೆಕ್ಕ ಮಾಡುವವರು ಎಡವುವ ಜಾಗ ಹೆಚ್ಚಾಗಿ ಎರಡು. ಮೊದಲನೆಯದು r ಇರಬೇಕಾದಲ್ಲಿ h ಬಳಸುವುದು. ಹಾಗೆ ಮಾಡಿದರೆ ಅನುಕಲನ ಸೊನ್ನೆಯಿಂದ ಶುರುವಾಗಿ, ಭಾಗಾಕಾರದಲ್ಲಿ ಛೇದ ಸೊನ್ನೆಯಾಗಿ, ಉತ್ತರ ಅನಂತಕ್ಕೆ ಹಾರುತ್ತದೆ. ಭೂಮಿಯ ಕೇಂದ್ರದಿಂದಲೇ ಹೊರಟರೂ ನಿಜದಲ್ಲಿ ಹಾಗಾಗುವುದಿಲ್ಲ, ಏಕೆಂದರೆ ಭೂಮಿಯ ಒಳಗೆ ಹೋದಂತೆ ಸೆಳೆತ ವಿಲೋಮ ವರ್ಗವನ್ನು ಅನುಸರಿಸದೆ ಕೊನೆಗೆ ಕೇಂದ್ರದಲ್ಲಿ ಸೊನ್ನೆಯಾಗುತ್ತದೆ. ಸೂತ್ರಕ್ಕೆ ನೆಲವೇ ಆರಂಭ. ಎರಡನೆಯದು ಚಿಹ್ನೆಯ ಗೊಂದಲ. ಗುರುತ್ವ ಕೆಳಕ್ಕೆ ಸೆಳೆಯುತ್ತಿರುವಾಗ ಚಲನೆ ಮೇಲಕ್ಕಿರುವುದರಿಂದ ಗುರುತ್ವ ಮಾಡುವ ಕೆಲಸ ಋಣ, ಎತ್ತುವವನು ಮಾಡುವ ಕೆಲಸ ಅಷ್ಟೇ ಪರಿಮಾಣದ ಧನ. ಇವೆರಡರಲ್ಲಿ ಯಾವುದನ್ನು ಲೆಕ್ಕಹಾಕುತ್ತಿದ್ದೇವೆ ಎಂದು ಮೊದಲೇ ಬರೆದುಕೊಂಡರೆ ಈ ತೊಡಕು ಬರುವುದಿಲ್ಲ. ಉತ್ತರ ಸರಿಯಿದೆಯೇ ಎಂದು ತಿಳಿಯಲು ಸುಲಭವಾದ ಒಂದು ಒರೆಗಲ್ಲಿದೆ: h ಎಂಬುದು R ಗೆ ಸಮವಾಗಿದ್ದಾಗ ಕೆಲಸ mgR ನ ಸರಿಯಾಗಿ ಅರ್ಧ ಬರಬೇಕು. ಮೇಲೆ ನಾವು 62.5 ಮತ್ತು 15.6ರ ನಡುವೆ ಹುಡುಕುತ್ತಿದ್ದ ಉತ್ತರ ಅದೇ, 31.25 ಮೆಗಾಜೂಲ್.

ಏಕಮಾನಗಳ ವಿಷಯದಲ್ಲಿ ಒಂದು ಅನುಕೂಲವನ್ನು ಹೇಳದೆ ಮುಂದೆ ಹೋಗಬಾರದು. ದೂರವನ್ನು ಕಿಲೋಮೀಟರ್‌ನಲ್ಲೂ GM ಅನ್ನು 3,98,600 ಎಂದೂ ಇಟ್ಟುಕೊಂಡರೆ, ಭಾಗಿಸಿದಾಗ ಬರುವ ಸಂಖ್ಯೆ ನೇರವಾಗಿ ಕಿಲೋಗ್ರಾಂ ಒಂದಕ್ಕೆ ಎಷ್ಟು ಮೆಗಾಜೂಲ್ ಎಂಬುದೇ ಆಗಿರುತ್ತದೆ. ಸೊನ್ನೆಗಳ ಸಾಲನ್ನು ಎಣಿಸುವ ಕಷ್ಟ ಇಲ್ಲ.

ಮಿತಿಯಿರುವ ಕೆಲಸ

3,98,600ನ್ನು 6,378ರಿಂದ ಭಾಗಿಸಿದರೆ 62.5. ಸೂತ್ರದಲ್ಲಿ r ಅನ್ನು ಎಷ್ಟು ಬೇಕಾದರೂ ದೊಡ್ಡದು ಮಾಡುತ್ತ ಹೋಗಿ, 1/r ಸೊನ್ನೆಯ ಹತ್ತಿರ ಹತ್ತಿರಕ್ಕೆ ಬರುತ್ತದೆ, W ಈ 62.5 ಮೆಗಾಜೂಲಿನ ಹತ್ತಿರ ಬಂದು ನಿಲ್ಲುತ್ತದೆ. ಭೂಮಿಯ ಸೆಳೆತಕ್ಕೆ ಎಲ್ಲೂ ಕೊನೆಯಿಲ್ಲ. ಆದರೂ ಅದನ್ನು ಪೂರ್ತಿ ಮೀರಲು ಬೇಕಾದ ಕೆಲಸಕ್ಕೆ ಕೊನೆಯಿದೆ. ಬಲ ಎಷ್ಟು ಬೇಗ ಕುಗ್ಗುತ್ತದೆ ಎಂಬುದರ ಮೇಲೆ ಇದು ನಿಂತಿದೆ. ಸೆಳೆತ ದೂರದ ವರ್ಗಕ್ಕಲ್ಲದೆ ದೂರಕ್ಕೇ ವಿಲೋಮವಾಗಿದ್ದಿದ್ದರೆ ಅನುಕಲನದಿಂದ ಲಾಗರಿದಮ್ ಬರುತ್ತಿತ್ತು. ಅದು ನಿಧಾನವಾಗಿಯಾದರೂ ಎಲ್ಲೂ ನಿಲ್ಲದೆ ಬೆಳೆಯುತ್ತಲೇ ಹೋಗುತ್ತದೆ. ಅಂಥ ಲೋಕದಲ್ಲಿ ಭೂಮಿಯನ್ನು ಬಿಟ್ಟು ಹೋಗುವ ನೌಕೆಯೇ ಇರುತ್ತಿರಲಿಲ್ಲ. ಎಷ್ಟು ವೇಗದಿಂದ ಎಸೆದರೂ ವಸ್ತು ಒಂದು ದಿನ ಮರಳಿ ಬೀಳಲೇಬೇಕಾಗುತ್ತಿತ್ತು.

62.5 ಮೆಗಾಜೂಲ್ ಎಂದರೆ ಮನೆಯ ವಿದ್ಯುತ್ ಮೀಟರಿನ ಲೆಕ್ಕದಲ್ಲಿ ಸುಮಾರು ಹದಿನೇಳೂವರೆ ಯೂನಿಟ್. ಒಂದು ಕಿಲೋಗ್ರಾಂ ದ್ರವ್ಯವನ್ನು ಭೂಮಿಯಿಂದ ಶಾಶ್ವತವಾಗಿ ಬಿಡಿಸಲು, ನಷ್ಟವೇ ಇಲ್ಲದ ಒಂದು ವಿಧಾನ ಇದ್ದಿದ್ದರೆ, ಇಷ್ಟೇ ಸಾಕಾಗುತ್ತಿತ್ತು. ಈ ಕೆಲಸವನ್ನೆಲ್ಲ ಒಂದೇ ಏಟಿಗೆ ಚಲನ ಶಕ್ತಿಯ ರೂಪದಲ್ಲಿ ಕೊಡುವುದಾದರೆ ಬೇಕಾಗುವ ವೇಗ ಸೆಕೆಂಡಿಗೆ 11.2 ಕಿಲೋಮೀಟರ್. ಇದೇ ವಿಮೋಚನಾ ವೇಗ. ಅದರಲ್ಲಿ ಉಪಗ್ರಹದ ದ್ರವ್ಯರಾಶಿಯ ಪ್ರಸ್ತಾಪವೇ ಇಲ್ಲದಿರುವುದಕ್ಕೆ ಕಾರಣವೂ ಇಲ್ಲೇ ಕಾಣುತ್ತದೆ. ಕೆಲಸದಲ್ಲೂ m ಇದೆ, ಚಲನ ಶಕ್ತಿಯಲ್ಲೂ m ಇದೆ, ಎರಡೂ ವಜಾ ಆಗುತ್ತವೆ.

ಈ ಒಟ್ಟು ಮೊತ್ತ ಎಲ್ಲೆಲ್ಲಿ ಖರ್ಚಾಗುತ್ತದೆ ಎಂಬುದನ್ನು ಗಮನಿಸಬೇಕು. ಮೊದಲ 6,378 ಕಿಲೋಮೀಟರ್ ಏರುವಷ್ಟರಲ್ಲಿ ಅರ್ಧ ಮುಗಿದಿರುತ್ತದೆ. ಭೂಸ್ಥಿರ ಎತ್ತರ ತಲಪುವಾಗ 53 ಮೆಗಾಜೂಲ್, ಅಂದರೆ ಶೇಕಡ 85 ಆಗಿರುತ್ತದೆ. ಅಲ್ಲಿಂದ ಚಂದ್ರನ ದೂರಕ್ಕೆ ಇನ್ನೂ ಮೂರು ಲಕ್ಷ ನಲವತ್ತು ಸಾವಿರ ಕಿಲೋಮೀಟರ್ ಹೋಗಬೇಕು. ಅಷ್ಟು ದಾರಿಗೆ ಬೇಕಾಗುವುದು ಕಿಲೋಗ್ರಾಮಿಗೆ ಎಂಟೂವರೆ ಮೆಗಾಜೂಲ್ ಮಾತ್ರ.

ಎತ್ತುವುದು ಬೇರೆ, ಸುತ್ತಿಸುವುದು ಬೇರೆ

ಉಪಗ್ರಹವನ್ನು ಎತ್ತರಕ್ಕೆ ಒಯ್ದು ಬಿಟ್ಟರೆ ಅದು ಅಲ್ಲಿ ನಿಲ್ಲುವುದಿಲ್ಲ, ಕೆಳಕ್ಕೆ ಬೀಳುತ್ತದೆ. ಅದು ಸುತ್ತುತ್ತ ಇರಬೇಕಾದರೆ ಅಡ್ಡಲಾಗಿ ವೇಗವನ್ನೂ ಕೊಡಬೇಕು. ವೃತ್ತಾಕಾರದ ಕಕ್ಷೆಗೆ ಬೇಕಾದ ಚಲನ ಶಕ್ತಿ GMm / 2r. ಎತ್ತುವ ಕೆಲಸವೂ ಈ ಶಕ್ತಿಯೂ ಸೇರಿದರೆ ಮಾತ್ರ ಕಕ್ಷೆಯ ಪೂರ್ತಿ ಬೆಲೆ ತಿಳಿಯುತ್ತದೆ. ಎತ್ತರ ಹೆಚ್ಚಿದಂತೆ ಮೊದಲನೆಯದು ಬೆಳೆಯುತ್ತದೆ, ಎರಡನೆಯದು ಕುಗ್ಗುತ್ತದೆ.

400 ಕಿಲೋಮೀಟರ್ ಕಕ್ಷೆಯಲ್ಲಿ ಎತ್ತುವ ಕೆಲಸ ಕಿಲೋಗ್ರಾಮಿಗೆ 3.7 ಮೆಗಾಜೂಲ್ ಮಾತ್ರ, ಸುತ್ತಿಸುವ ಶಕ್ತಿ 29.4. ರಾಕೆಟ್ ನೆಟ್ಟಗೆ ಎದ್ದು ಸ್ವಲ್ಪ ಹೊತ್ತಿಗೇ ಬಾಗಿ ಅಡ್ಡಕ್ಕೆ ಓಡತೊಡಗುವುದು ಇದಕ್ಕಾಗಿ. ಕೆಳಗಿನ ಕಕ್ಷೆಗಳಲ್ಲಿ ಎತ್ತರ ಗಳಿಸುವುದಕ್ಕಿಂತ ವೇಗ ಗಳಿಸುವುದೇ ದೊಡ್ಡ ಕೆಲಸ. ಭೂಸ್ಥಿರ ಕಕ್ಷೆಯಲ್ಲಿ ಈ ಪಾಲು ತಿರುಗುಮುರುಗಾಗುತ್ತದೆ: ಎತ್ತಲು 53, ಸುತ್ತಿಸಲು 4.7. ಹಾಸನದ ಮುಖ್ಯ ನಿಯಂತ್ರಣ ಕೇಂದ್ರದಿಂದ 1982ರಿಂದ ನೋಡಿಕೊಳ್ಳುತ್ತ ಬಂದಿರುವ ಇನ್ಸಾಟ್ ಸರಣಿಯ ಉಪಗ್ರಹಗಳು ಇಂಥ ಕಕ್ಷೆಯವು. ಅವು ಸೆಕೆಂಡಿಗೆ 3 ಕಿಲೋಮೀಟರಿನಷ್ಟು ವೇಗದಲ್ಲಿ ಮಾತ್ರ ಸುತ್ತುತ್ತವೆ. ಕೆಳಗಿನ ಕಕ್ಷೆಯ ಉಪಗ್ರಹಗಳು ಅದರ ಎರಡೂವರೆ ಪಟ್ಟು ವೇಗದಲ್ಲಿ ಓಡುತ್ತವೆ. ಹಾಗಿದ್ದೂ ನಿಧಾನವಾಗಿ ಸುತ್ತುವ ಉಪಗ್ರಹಕ್ಕೇ ಒಟ್ಟು ಶಕ್ತಿ ಹೆಚ್ಚು ಬೇಕಾಗಿರುತ್ತದೆ. ಎರಡು ಪಾಲುಗಳೂ ಸಮವಾಗುವುದು r ಎಂಬುದು R ನ ಒಂದೂವರೆ ಪಟ್ಟಾದಾಗ, ಅಂದರೆ ಸುಮಾರು 3,190 ಕಿಲೋಮೀಟರ್ ಎತ್ತರದಲ್ಲಿ.

ಮಂಗಳಯಾನದ ಏಣಿ

ಈ ಲೆಕ್ಕ ಕಣ್ಣೆದುರು ನಡೆದದ್ದನ್ನು ನೋಡಬೇಕಾದರೆ 2013ರ ನವೆಂಬರ್ ತಿಂಗಳ ಮಂಗಳಯಾನಕ್ಕಿಂತ ಉತ್ತಮ ಉದಾಹರಣೆ ಸಿಗಲಾರದು. ನವೆಂಬರ್ 5ರಂದು ಶ್ರೀಹರಿಕೋಟದಿಂದ ಪಿ.ಎಸ್.ಎಲ್.ವಿ. ಸಿ25 ರಾಕೆಟ್ 1,337 ಕಿಲೋಗ್ರಾಮಿನ ನೌಕೆಯನ್ನು ಉದ್ದನೆಯ ದೀರ್ಘವೃತ್ತದ ಕಕ್ಷೆಗೆ ಸೇರಿಸಿತು. ಭೂಮಿಗೆ ಹತ್ತಿರದ ತುದಿ ನೆಲದಿಂದ 250 ಕಿಲೋಮೀಟರ್ ಆಸುಪಾಸಿನಲ್ಲಿ, ದೂರದ ತುದಿ ಸುಮಾರು 23,550 ಕಿಲೋಮೀಟರ್‌ನಲ್ಲಿ. ಅಲ್ಲಿಂದ ಮುಂದೆ ಬೆಂಗಳೂರಿನ ಇಸ್ಟ್ರ್ಯಾಕ್ ನಿಯಂತ್ರಣ ಕೇಂದ್ರದಿಂದ ಆಜ್ಞೆ ಕಳಿಸಿ, ನೌಕೆ ಭೂಮಿಗೆ ಹತ್ತಿರ ಬಂದಾಗಲೆಲ್ಲ ಅದರ 440 ನ್ಯೂಟನ್ ದ್ರವ ಎಂಜಿನನ್ನು ಉರಿಸಿ, ದೂರದ ತುದಿಯನ್ನು ಹಂತ ಹಂತವಾಗಿ ಮೇಲಕ್ಕೆ ತಳ್ಳಲಾಯಿತು. ಎಂಜಿನ್ ಚಿಕ್ಕದು. ಬೇಕಾದ ವೇಗವನ್ನೆಲ್ಲ ಒಂದೇ ಸಲ ಕೊಡಲು ಅದು ತುಂಬ ಹೊತ್ತು ಉರಿಯಬೇಕಾಗಿ, ಅಷ್ಟರಲ್ಲಿ ನೌಕೆ ಹತ್ತಿರದ ತುದಿಯನ್ನು ದಾಟಿ ಎಲ್ಲೋ ಹೋಗಿರುತ್ತಿತ್ತು.

ದೂರದ ತುದಿ ಮೊದಲು 28,825ಕ್ಕೆ, ಆಮೇಲೆ 40,186ಕ್ಕೆ, ನವೆಂಬರ್ 9ರಂದು 71,636 ಕಿಲೋಮೀಟರಿಗೆ ಏರಿತು. 11ರಂದು ಅದನ್ನು ಸುಮಾರು ಒಂದು ಲಕ್ಷ ಕಿಲೋಮೀಟರಿಗೆ ಒಯ್ಯಬೇಕಿತ್ತು. ಅದಕ್ಕೆ ಸೆಕೆಂಡಿಗೆ 130 ಮೀಟರ್ ವೇಗ ಹೆಚ್ಚಿಸುವ ಯೋಜನೆಯಿತ್ತು. ಆದರೆ ಇಂಧನದ ಹರಿವನ್ನು ನಿಯಂತ್ರಿಸುವ ಕವಾಟದ ಮುಖ್ಯ ಸುರುಳಿಗೂ ಬದಲಿ ಸುರುಳಿಗೂ ಒಟ್ಟಿಗೆ ವಿದ್ಯುತ್ ಕೊಟ್ಟು ಪರೀಕ್ಷಿಸಿದಾಗ ಎಂಜಿನ್ನಿಗೆ ಇಂಧನ ನಿಂತುಹೋಯಿತು. ದಿಕ್ಕು ಹಿಡಿದಿಡುವ ಚಿಕ್ಕ ನೂಕುಯಂತ್ರಗಳು ತಾವಾಗಿಯೇ ಕೆಲಸ ವಹಿಸಿಕೊಂಡರೂ ಸಿಕ್ಕಿದ ವೇಗ 35 ಮೀಟರ್ ಮಾತ್ರ. ದೂರದ ತುದಿ 78,276ರಲ್ಲಿ ನಿಂತಿತು. ಮರುದಿನ, ನವೆಂಬರ್ 12ರಂದು ಹೆಚ್ಚುವರಿ ಉರಿಸುವಿಕೆಯಿಂದ ಸುಮಾರು 125 ಮೀಟರ್ ವೇಗ ಸೇರಿಸಿ ಅದನ್ನು 1,18,642 ಕಿಲೋಮೀಟರಿಗೆ ತರಲಾಯಿತು.

ಕೊಟ್ಟ ವೇಗಕ್ಕೂ ಏರಿದ ಎತ್ತರಕ್ಕೂ ಇರುವ ನಂಟನ್ನು ನಮ್ಮ ಸೂತ್ರದಿಂದಲೇ ತಾಳೆ ನೋಡಬಹುದು. ಹತ್ತಿರದ ತುದಿಯನ್ನು ಕೇಂದ್ರದಿಂದ 6,628 ಕಿಲೋಮೀಟರ್ ಎಂದು ಇಟ್ಟುಕೊಳ್ಳೋಣ. ದೀರ್ಘವೃತ್ತದ ಕಕ್ಷೆಯಲ್ಲಿ ಕಿಲೋಗ್ರಾಮಿನ ಒಟ್ಟು ಶಕ್ತಿ, ಅನಂತ ದೂರದಲ್ಲಿ ಸೊನ್ನೆ ಎಂದು ಹಿಡಿದರೆ, GM ಅನ್ನು ಎರಡೂ ತುದಿಗಳ ದೂರಗಳ ಮೊತ್ತದಿಂದ ಭಾಗಿಸಿದಷ್ಟು ಋಣ. 71,636 ಕಿಲೋಮೀಟರ್ ಎತ್ತರದ ಕಕ್ಷೆಗೆ ಆ ಮೊತ್ತ 84,642, ಶಕ್ತಿ −4.71 ಮೆಗಾಜೂಲ್. 78,276ರ ಕಕ್ಷೆಗೆ ಮೊತ್ತ 91,282, ಶಕ್ತಿ −4.37. ನಡುವಿನ ಅಂತರ 0.34 ಮೆಗಾಜೂಲ್. ಹತ್ತಿರದ ತುದಿಯಲ್ಲಿ ನೌಕೆಯ ವೇಗ ಸೆಕೆಂಡಿಗೆ 10.5 ಕಿಲೋಮೀಟರ್ ಇರುವುದರಿಂದ, ಇಷ್ಟು ಶಕ್ತಿ ಸೇರಿಸಲು ವೇಗವನ್ನು ಸುಮಾರು 33 ಮೀಟರ್ ಹೆಚ್ಚಿಸಿದರೆ ಸಾಕು. ಪ್ರಕಟವಾದ ಸಂಖ್ಯೆ 35. ಮುಂದಿನ ಹಂತಕ್ಕೆ ಇದೇ ಲೆಕ್ಕ 126 ಮೀಟರ್ ಎನ್ನುತ್ತದೆ, ನಡೆದದ್ದೂ ಬಹುಮಟ್ಟಿಗೆ ಹಾಗೇ. ಭೂಮಿ ಪೂರ್ತಿ ಗುಂಡಗಿಲ್ಲ, ಹತ್ತಿರದ ತುದಿ ಪ್ರತಿ ಸಲವೂ ತುಸು ಕದಲುತ್ತದೆ, ಎಂಜಿನ್ ಉರಿಯುವುದು ಒಂದು ಬಿಂದುವಿನಲ್ಲಲ್ಲ. ಇಷ್ಟೆಲ್ಲ ಬಿಟ್ಟು ಮಾಡಿದ ಲೆಕ್ಕ ಇಷ್ಟು ಹತ್ತಿರ ಬಂದದ್ದು ಖುಷಿ ಕೊಡುವ ಸಂಗತಿ.

ಅರೆಬರೆಯಾದ ಆ ಹಂತದ 0.34 ಮೆಗಾಜೂಲನ್ನೇ ನೆಲದ ಬಳಿ ಎತ್ತುವುದಕ್ಕೆ ಬಳಸಿದ್ದರೆ ನೌಕೆ 35 ಕಿಲೋಮೀಟರ್ ಮೇಲೇರುತ್ತಿತ್ತು. ದೂರದಲ್ಲಿ ಅದೇ ಶಕ್ತಿ 6,640 ಕಿಲೋಮೀಟರ್ ಏರಿಸಿತು. ಬಲ ಅಲ್ಲಿ ಅಷ್ಟು ಸೊರಗಿರುತ್ತದೆ. ಇಡೀ ಏಣಿಯನ್ನು ಹೀಗೆಯೇ ನೋಡಬಹುದು. ನವೆಂಬರ್ 16ರಂದು ದೂರದ ತುದಿ 1,92,874 ಕಿಲೋಮೀಟರ್ ಮುಟ್ಟಿತು. ನೆಲದಿಂದ ಆ ಎತ್ತರಕ್ಕೆ ಎತ್ತುವ ಕೆಲಸ ಕಿಲೋಗ್ರಾಮಿಗೆ 60.5 ಮೆಗಾಜೂಲ್. ರಾಕೆಟ್ ಬಿಟ್ಟಾಗಿನ ಮೊದಲ ಕಕ್ಷೆಯ ತುದಿಗೆ, ಬರೀ 23,550 ಕಿಲೋಮೀಟರಿಗೆ, ಆಗಲೇ 49 ಆಗಿತ್ತು. 71,636ರಿಂದ 1,92,874ಕ್ಕೆ ಏರಿದ ಒಂದು ಲಕ್ಷ ಇಪ್ಪತ್ತೊಂದು ಸಾವಿರ ಕಿಲೋಮೀಟರಿಗೆ ತಗಲಿದ ಎತ್ತುವ ಕೆಲಸ 3.1 ಮೆಗಾಜೂಲ್. ನೆಲದಿಂದ ಮೊದಲ 400 ಕಿಲೋಮೀಟರ್ ಏರಲು ಬೇಕಾದ 3.7ಕ್ಕಿಂತಲೂ ಇದು ಕಡಿಮೆ.

ನೌಕೆ ನಿಜವಾಗಿ ಯಾವ ಕಕ್ಷೆಯಲ್ಲಿದೆ ಎಂದು ತಿಳಿಯುವುದು ರೇಡಿಯೊ ಸಂಕೇತದಿಂದ. ಸಂಕೇತ ಹೋಗಿ ಬರಲು ತೆಗೆದುಕೊಳ್ಳುವ ಸಮಯ ದೂರವನ್ನು ಹೇಳುತ್ತದೆ, ಅದರ ಆವೃತ್ತಿಯಲ್ಲಿ ಆಗುವ ಡಾಪ್ಲರ್ ವ್ಯತ್ಯಾಸ ವೇಗವನ್ನು ಹೇಳುತ್ತದೆ. ಬೆಂಗಳೂರಿನ ಹೊರಗಿನ ಬ್ಯಾಲಾಳುವಿನಲ್ಲಿರುವ 32 ಮೀಟರ್ ವ್ಯಾಸದ ಆಂಟೆನಾ ಮಂಗಳಯಾನದ ಸಂಕೇತಗಳನ್ನು ಹಿಡಿದ ಕೇಂದ್ರಗಳಲ್ಲಿ ಒಂದು.

ಡಿಸೆಂಬರ್ 1ರ ನಡುರಾತ್ರಿ ಕಳೆದ ಮೇಲೆ ಎಂಜಿನ್ 22 ನಿಮಿಷ ಉರಿದು ಸೆಕೆಂಡಿಗೆ 648 ಮೀಟರ್ ವೇಗವನ್ನು ಸೇರಿಸಿತು. ಹತ್ತಿರದ ತುದಿಯಿಂದ ಭೂಮಿಯನ್ನು ಬಿಟ್ಟುಹೋಗಲು ಬೇಕಾದ ವೇಗ 10.97 ಕಿಲೋಮೀಟರ್, ನೌಕೆಗೆ ಅಲ್ಲಿ ಆಗಲೇ 10.79 ಇತ್ತು. ಬಿಡುಗಡೆಗೆ 180 ಮೀಟರ್ ಸಾಕಿತ್ತು. ಉಳಿದದ್ದು ಮಂಗಳದ ದಾರಿಗೆ.

ಸೂತ್ರ ಹೇಳದೆ ಬಿಡುವುದು

ಎತ್ತುವ ಕೆಲಸ ಆರಂಭ ಮತ್ತು ಕೊನೆಯ ದೂರಗಳನ್ನು ಮಾತ್ರ ಅವಲಂಬಿಸುತ್ತದೆ. ನೆಟ್ಟಗೆ ಹೋದರೂ ಸುತ್ತಿ ಬಳಸಿ ಹೋದರೂ ಗುರುತ್ವದ ಲೆಕ್ಕ ಅಷ್ಟೇ, ಏಕೆಂದರೆ ಅಡ್ಡಲಾಗಿ ಸರಿದಾಗ ಕೇಂದ್ರದ ಕಡೆಗಿನ ಬಲ ಯಾವ ಕೆಲಸವನ್ನೂ ಮಾಡುವುದಿಲ್ಲ. ಭೂಮಿ ಧ್ರುವಗಳ ಕಡೆ 21 ಕಿಲೋಮೀಟರಿನಷ್ಟು ಚಪ್ಪಟೆಯಾಗಿರುವುದರಿಂದ ಬರುವ ತಪ್ಪು ಶೇಕಡ ಅರ್ಧಕ್ಕಿಂತ ಕಡಿಮೆ. ಅನಂತ ಎಂಬುದನ್ನೂ ಅಕ್ಷರಶಃ ತೆಗೆದುಕೊಳ್ಳಬೇಕಿಲ್ಲ. ಭೂಮಿಯಿಂದ ಒಂಬತ್ತು ಲಕ್ಷ ಕಿಲೋಮೀಟರಿನ ಆಚೆ ನೌಕೆಯ ದಾರಿಯನ್ನು ತೀರ್ಮಾನಿಸುವುದು ಮುಖ್ಯವಾಗಿ ಸೂರ್ಯ. ಅಷ್ಟು ದೂರದಲ್ಲಿ ಭೂಮಿಗೆ ಸಲ್ಲಬೇಕಾದ ಕೆಲಸದಲ್ಲಿ ಬಾಕಿ ಇರುವುದು ನೂರಕ್ಕೆ ಒಂದು ಪಾಲಿಗಿಂತಲೂ ಕಡಿಮೆ.

ದೊಡ್ಡ ಅಂತರ ಇರುವುದು ಕೆಲಸಕ್ಕೂ ಇಂಧನಕ್ಕೂ ನಡುವೆ. ಸೂತ್ರ ಕೊಡುವುದು ಕನಿಷ್ಠ ಬೆಲೆಯನ್ನು. ನೆಲದಿಂದ ಮೇಲೆದ್ದು ಗಾಳಿಯಲ್ಲಿ ನಿಶ್ಚಲವಾಗಿ ತೂಗುತ್ತಿರುವ ರಾಕೆಟ್ಟನ್ನು ಊಹಿಸಿಕೊಳ್ಳಿ. ಅದು ಒಂದಿಂಚೂ ಮೇಲೇರುತ್ತಿಲ್ಲ, ಹಾಗಾಗಿ ಅದರ ಮೇಲೆ ಯಾವ ಕೆಲಸವೂ ಆಗುತ್ತಿಲ್ಲ. ಆದರೂ ತನ್ನ ತೂಕವನ್ನು ತಾಳಿಕೊಳ್ಳಲು ಅದು ಕ್ಷಣಕ್ಷಣವೂ ಇಂಧನವನ್ನು ಸುಡುತ್ತಿರುತ್ತದೆ. ನಿಧಾನವಾಗಿ ನೆಟ್ಟಗೆ ಏರುವ ರಾಕೆಟ್ಟಿಗೂ ಈ ನಷ್ಟ ತಪ್ಪಿದ್ದಲ್ಲ. ಇದರ ಜೊತೆಗೆ, ಆಮೇಲೆ ಸುಡಬೇಕಾದ ಇಂಧನವನ್ನು ಅದು ಸುಡುವ ಎತ್ತರದವರೆಗೆ ಹೊತ್ತೊಯ್ಯುವ ಕೆಲಸವೂ ಇದೆ. ಸ್ಥಿರವಾದ m ರಾಕೆಟ್ಟಿಗೆ ಇಲ್ಲ, ಅದರ ದ್ರವ್ಯರಾಶಿ ಉರಿದಂತೆಲ್ಲ ಕರಗುತ್ತದೆ. ಅದಕ್ಕಾಗಿ ಸೂತ್ರವನ್ನು ಕೊನೆಗೆ ತಲಪುವ ನೌಕೆಗೆ ಮಾತ್ರ ಅನ್ವಯಿಸಬೇಕು. ಮಂಗಳಯಾನದ 1,337 ಕಿಲೋಗ್ರಾಂ ಪೂರ್ತಿಯಾಗಿ ಭೂಮಿಯಿಂದ ಬಿಡುಗಡೆಯಾಗಬೇಕಿದ್ದರೂ ಎತ್ತುವ ಕೆಲಸ ಸುಮಾರು 23,000 ಯೂನಿಟ್ ವಿದ್ಯುತ್ತಿಗೆ ಸಮ. ಅದನ್ನು ಮೊದಲ ಕಕ್ಷೆಗೆ ಮುಟ್ಟಿಸಲು ಶ್ರೀಹರಿಕೋಟದ ವೇದಿಕೆಯಿಂದ ಎದ್ದ ರಾಕೆಟ್ಟಿನ ತೂಕ 320 ಟನ್.